ಗೋಖಲೆ ಸೇತುವೆ ಸುದ್ದಿನ ತಾರೀಖಿನ ಕ್ರಮಕ್ಕೆ ತಂದಿದ್ದು: ಒಂದು ಪ್ರಕರಣ ಅಧ್ಯಯನ

ಮುಂಬಯಿಯ ಅಂಧೇರಿಯಲ್ಲಿ ರೈಲ್ವೆ ಹಳಿ ಮೇಲೆ ಹಾದುಹೋಗೋ ಗೋಖಲೆ ಸೇತುವೆ ಒಂದು ಬದಿ ಓಪನ್ ಆಗಿದ್ದು 2024ರ ಫೆಬ್ರವರಿ 26ಕ್ಕೆ, ಸೋಮವಾರ. ಮಾರನೇ ದಿನ ಎಲ್ಲಾ ಪೇಪರಲ್ಲೂ ಅದೇ ಸುದ್ದಿ. ನಮ್ಮ ಕನ್ನಡ ಸಂಘದ ಬುಲೆಟಿನ್‌ಗೆ ಅದನ್ನೇ ಹಾಕೋಣ ಅಂತ ಮಾತಾಯ್ತು, ಆದ್ರೆ ಸಂಘದಲ್ಲಿ ಅರ್ಧಕ್ಕರ್ಧ ಜನ ಅಂಧೇರಿ ಪೂರ್ವದಲ್ಲಿ ಹೋಟೆಲ್ ಇಟ್ಕೊಂಡು ಪಶ್ಚಿಮದಲ್ಲಿ ಮನೆ ಮಾಡ್ಕೊಂಡಿರೋರು ಇಲ್ಲ ಅದರ ಉಲ್ಟಾ, ಸೇತುವೆ ಬಂದ್ ಆದಾಗಿಂದ ಸಬ್‌ವೇ ಸುತ್ತಿ ಸುತ್ತಿ ಸಾಕಾಗಿರೋರು, ಅವ್ರಿಗೆ ಸೇತುವೆ ಓಪನ್ ಆಯ್ತು ಅನ್ನೋದು ಪೇಪರ್ ಬರೋಕ್ ಮುಂಚೆನೇ ಗೊತ್ತು. ಹೋಟೆಲ್ ಶೆಟ್ರು ಕೇಳಿದ್ದು ಬೇರೆ. "ಓಪನ್ ಆದದ್ದು ನಾನು ಕಣ್ಣಾರೆ ನೋಡಿದ್ದೇನೆ ಮಾರಾಯ, ಮೊದಲು ಬಿದ್ದದ್ದು ಯಾವಾಗ, ಬಂದ್ ಮಾಡಿದ್ದು ಯಾವಾಗ, ನಡುವೆ ಏನೇನಾಯ್ತು, ಅದನ್ನು ಸಾಲಾಗಿ ಬರೆದು ಹಾಕಿ, ಊರಿಂದ ಬಂದವರು ಕೇಳಿದ್ರೆ ತೋರಿಸ್ಲಿಕ್ಕೆ ಆಗ್ತದೆ."

ಪೇಪರ್ ಸುದ್ದಿನ ತಾರೀಖಿನ ಲಿಸ್ಟ್ ಮಾಡೋದು ಅರ್ಧ ಗಂಟೆ ಕೆಲಸ ಅಂತ ಎಲ್ರಿಗೂ ಅನ್ಸತ್ತೆ. ಮಾಡೋಕ್ ಕೂತಾಗ ಆ ಸುದ್ದಿ ಏನೇನು ಹೇಳಿಲ್ಲ ಅನ್ನೋದು ಒಂದೊಂದಾಗಿ ಹೊರಗ್ ಬರತ್ತೆ. ಅದಕ್ಕೇ ಈ ಒಂದು ಪ್ರಕರಣನ ಪೂರ್ತಿ ಬರೀತಾ ಇದೀನಿ.

ಮೊದಲು ಸುದ್ದಿ ಹೇಗಿತ್ತು ನೋಡಿ. ಅವತ್ತಿನ ವರದಿಗಳು ಹೆಚ್ಚು ಕಮ್ಮಿ ಒಂದೇ ಅಚ್ಚಿನವು, ಆ ಕ್ರಮ ತೋರ್ಸೋಕೆ ನನ್ನ ಮಾತಲ್ಲೇ ಚಿಕ್ಕದು ಮಾಡಿ ಕೊಡ್ತೀನಿ:

ಒಂದನೇ ಪ್ಯಾರಾ: ಮುಂಬಯಿ, ಫೆ. 26: ಅಂಧೇರಿ ಪೂರ್ವ ಮತ್ತು ಪಶ್ಚಿಮವನ್ನು ಜೋಡಿಸುವ ಗೋಖಲೆ ಸೇತುವೆಯ ಒಂದು ಬದಿಯನ್ನು ಸೋಮವಾರ ಸಂಚಾರಕ್ಕೆ ತೆರೆಯಲಾಯಿತು. ಸದ್ಯ ಲಘು ವಾಹನಗಳಿಗೆ ಮಾತ್ರ ಅವಕಾಶವಿದೆ.

ಎರಡನೇ ಪ್ಯಾರಾ: ಹೊಸ ಸೇತುವೆಗೂ ಪಕ್ಕದ ಬರ್ಫಿವಾಲಾ ಮೇಲ್ಸೇತುವೆಗೂ ಎತ್ತರ ಹೊಂದದ ಕಾರಣ ಎರಡರ ನಡುವೆ ಸಂಪರ್ಕ ಸಿಕ್ಕಿಲ್ಲ. ಹಳಿಗಳ ಮೇಲೆ ಹೆಚ್ಚು ಎತ್ತರ ಬಿಡಬೇಕೆಂದು ರೈಲ್ವೆ ಸೂಚಿಸಿದ್ದರಿಂದ ಹೀಗಾಗಿದೆ ಎಂದು ಪಾಲಿಕೆ ಹೇಳಿದೆ.

ಮೂರನೇ ಪ್ಯಾರಾ: ಎರಡನೇ ಬದಿಯ ಕೆಲಸ ಮುಂದುವರಿಯಲಿದೆ.

ನಾಲ್ಕನೇ ಪ್ಯಾರಾ: ಸೇತುವೆ ಅಪಾಯಕಾರಿ ಎಂಬ ವರದಿಯ ಮೇರೆಗೆ 2022ರ ನವೆಂಬರ್ 7ರಂದು ಅದನ್ನು ಮುಚ್ಚಲಾಗಿತ್ತು. ಇದಕ್ಕೂ ಮುನ್ನ 2018ರ ಜುಲೈ 3ರಂದು ಸೇತುವೆಯ ಪಾದಚಾರಿ ಭಾಗ ಹಳಿಗಳ ಮೇಲೆ ಕುಸಿದು ಇಬ್ಬರು ಮೃತಪಟ್ಟಿದ್ದರು.

ಐದನೇ ಪ್ಯಾರಾ: ಹಳಿಗಳ ಮೇಲಿನ ಹಳೆಯ ಭಾಗವನ್ನು ಕೆಡವಿ, ಕಳೆದ ಡಿಸೆಂಬರ್‌ನಲ್ಲಿ ರಾತ್ರಿ ರೈಲು ನಿಲ್ಲಿಸುವ ಬ್ಲಾಕ್ ಪಡೆದು ಸೇತುವೆಯ ಭಾರ ಹೊರುವ ಮೊದಲ ಗರ್ಡರ್ ಕೂರಿಸಲಾಗಿತ್ತು. ಕೆಲಸ ಮುಗಿಸುವ ಗಡುವು ಹಲವು ಬಾರಿ ಮುಂದಕ್ಕೆ ಹೋಗಿತ್ತು.

ಇದೇ ತಲೆಕೆಳಗಾದ ಪಿರಮಿಡ್. ಮುಖ್ಯವಾದ್ದು ಮೇಲೆ, ಕಮ್ಮಿ ಮುಖ್ಯವಾದ್ದು ಕೆಳಗೆ, ಜಾಗ ಸಾಲ್ದಿದ್ರೆ ಡೆಸ್ಕ್‌ನಲ್ಲಿರೋರು ಕೆಳಗಿಂದ ಕತ್ತರಿಸ್ತಾ ಬಂದ್ರೂ ಸುದ್ದಿ ಉಳ್ಕೊಳ್ಳತ್ತೆ. ಐದನೇ ಪ್ಯಾರಾ ಹೋದ್ರೂ ಓದೋರಿಗೆ ಕೊರತೆ ಕಾಣಲ್ಲ, ನಾಲ್ಕನೇದು ಹೋದ್ರೂ ಸೇತುವೆ ಓಪನ್ ಆಗಿದ್ದು ಗೊತ್ತಾಗತ್ತೆ.

ಬುಲೆಟಿನ್‌ಗೆ ಸಹಾಯ ಮಾಡೋ ಕಾಲೇಜು ಹುಡುಗಿ ಒಬ್ಳು ಮೊದಲ ಡ್ರಾಫ್ಟ್ ತಂದ್ಲು. ಅವಳ ಲೆಕ್ಕ ಸರಳ: ಹೊಸದು ಮೇಲಿದೆ, ಹಳೇದು ಕೆಳಗಿದೆ, ಹಾಗಾಗಿ ಕೊನೆ ವಾಕ್ಯದಿಂದ ಶುರು ಮಾಡಿ ಮೇಲಕ್ಕೆ ಬರೋದು. ಎಲ್ರೂ ಮೊದಲ ಸಲ ಮಾಡೋದು ಹಾಗೇನೇ, ನೋಡೋಕೆ ಸರಿ ಅಂತಾನೂ ಅನ್ಸತ್ತೆ. ಅವಳ ಲಿಸ್ಟಲ್ಲಿ ಮೊದಲು ಗಡುವು ಮುಂದಕ್ಕೆ ಹೋಯ್ತು, ಆಮೇಲೆ ಗರ್ಡರ್ ಕೂತ್ಕೊಂತು, ಅದಾದ್ಮೇಲೆ ಪಾದಚಾರಿ ಭಾಗ ಕುಸೀತು, ಆಮೇಲೆ ಸೇತುವೆ ಮುಚ್ಚಿದ್ರು! ಗರ್ಡರ್ ಸಾಲಲ್ಲಿ "ಕಳೆದ ಡಿಸೆಂಬರ್" ಅಂತಷ್ಟೇ ಇದ್ದಿದ್ರಿಂದ ವರ್ಷ ಕಾಣ್ದೆ ತಪ್ಪು ಕಣ್ಣಿಗೆ ಬೀಳ್ಲೇ ಇಲ್ಲ. ಪಿರಮಿಡ್ ಸುದ್ದಿ ಕಾಲದ ಉಲ್ಟಾ ಕ್ರಮದಲ್ಲಿ ಇರಲ್ಲ, ಅದು ಮಹತ್ವದ ಕ್ರಮದಲ್ಲಿರತ್ತೆ, ಕೆಲವು ಕಡೆ ಎರಡೂ ಒಂದೇ ದಿಕ್ಕಲ್ಲಿ ಹೋಗೋದ್ರಿಂದ ಹಾಗೆ ಕಾಣತ್ತೆ ಅಷ್ಟೆ. ಇಲ್ಲಿ 2018ರ ಸಾವು 2023ರ ಗರ್ಡರ್‌ಗಿಂತ ಮುಖ್ಯ ಅಂತ ವರದಿಗಾರರು ಮೇಲೆ ಇಟ್ಟಿದ್ದಾರೆ, ಅವ್ರು ಮಾಡಿದ್ದು ಸರಿನೇ.

ಹಾಗಾಗಿ ತಿರುಗ್ಸೋದು ಬಿಟ್ಟು ಬಿಡಿಸೋಕೆ ಕೂತ್ವಿ. ಪ್ರಿಂಟ್ ತಗೊಂಡು ಒಂದೊಂದು ವಾಕ್ಯದಲ್ಲಿ ಎಷ್ಟು ಘಟನೆ ಇದೆ ಅಂತ ಗೆರೆ ಹಾಕೋದು, ಪ್ರತಿ ಘಟನೆ ಪಕ್ಕ ಯಾವಾಗ, ಯಾರು ಮಾಡಿದ್ದು, ಯಾರು ಹೇಳಿದ್ದು ಅಂತ ಮೂರು ವಿಷಯ ಬರಿಯೋದು. ಇದಕ್ಕೆ ಕನ್ನಡ ಪೇಪರಲ್ಲಿ ಒಂದು ಅನುಕೂಲ ಇದೆ. ಸುದ್ದಿ ಎಲ್ಲೆಲ್ಲಿ ಹಿಂದಕ್ಕೆ ಹಾರತ್ತೋ ಅಲ್ಲಿ ಹೆಚ್ಚಾಗಿ ಕ್ರಿಯಾಪದದ ಕೊನೇಲಿ "ಇತ್ತು", "ಇದ್ದರು" ಬರತ್ತೆ: ಮುಚ್ಚಲಾಗಿತ್ತು, ಮೃತಪಟ್ಟಿದ್ದರು, ಕೂರಿಸಲಾಗಿತ್ತು, ಹೋಗಿತ್ತು. ಅವುಗಳಿಗೆ ಸುತ್ತು ಹಾಕ್ಕೊಂಡು ಹೋದ್ರೆ ಹಳೇ ಘಟನೆಗಳು ಹೆಚ್ಚು ಕಮ್ಮಿ ಒಂದೇ ಸಲಕ್ಕೆ ಸಿಕ್ಕಿಬಿಡ್ತವೆ. ಲಿಸ್ಟಿಗೆ ತಂದಾಗ ಆ ರೂಪ ಇಟ್ಕೋಬಾರ್ದು, ಯಾಕಂದ್ರೆ ತಾರೀಖಿನ ಸಾಲಲ್ಲಿ ಪ್ರತಿಯೊಂದೂ ಅದರದೇ ದಿನದಲ್ಲಿ ನಿಂತು ಹೇಳೋ ಮಾತು, ಅಲ್ಲಿ ಕುಸೀತು, ಮುಚ್ಚಿದ್ರು, ಕೂರಿಸಿದ್ರು ಅಂತಾನೇ ಇರ್ಬೇಕು.

ಹಾಗೆ ಬದಲಾಯಿಸೋಕೆ ಹೋದ ಕೂಡ್ಲೇ ಮೊದಲ ತೂತು ಕಾಣತ್ತೆ. "ಮುಚ್ಚಲಾಗಿತ್ತು" ಅಂದ್ರೆ ಮುಚ್ಚಿದ್ದು ಯಾರು? "ಕೂರಿಸಲಾಗಿತ್ತು" ಅಂದ್ರೆ ಯಾರು? ಪಿರಮಿಡ್‌ನ ಕೆಳಗಡೆ ಭಾಗದಲ್ಲಿ ಈ "ಲಾಗಿತ್ತು" ಸರಾಗವಾಗಿ ಹೋಗಿಬಿಡತ್ತೆ, ಲಿಸ್ಟಲ್ಲಿ ಹೋಗಲ್ಲ. ಈ ಸೇತುವೆಯಲ್ಲಂತೂ ಅದು ಸಣ್ಣ ವಿಷಯ ಅಲ್ಲವೇ ಅಲ್ಲ, ಯಾಕಂದ್ರೆ ಹಳಿ ಮೇಲಿನ ಹಳೇ ಭಾಗ ಕೆಡವಿದ್ದು ಪಶ್ಚಿಮ ರೈಲ್ವೆ, ಹೊಸದು ಕಟ್ಟಿಸಿದ್ದು ಮುಂಬಯಿ ಪಾಲಿಕೆ, ಎತ್ತರ ಎಷ್ಟಿರ್ಬೇಕು ಅಂತ ಹೇಳೋದು ಮತ್ತೆ ರೈಲ್ವೆ. ಯಾರು ಅಂತ ಬರೀದೇ ಹೋದ್ರೆ ಓದೋರು ಎಲ್ಲಾನೂ ಪಾಲಿಕೆ ತಲೆಗೆ ಕಟ್ತಾರೆ ಇಲ್ಲ ಎಲ್ಲಾನೂ ರೈಲ್ವೆ ತಲೆಗೆ ಕಟ್ತಾರೆ.

ತಾರೀಖಿನ ವಿಷಯಕ್ಕೆ ಬರೋಣ. "ಸೋಮವಾರ" ಅನ್ನೋದು ಸುಲಭ, ಸುದ್ದಿ ಶುರುವಲ್ಲಿರೋ ಊರು-ತಾರೀಖು, ಅಂದ್ರೆ ಡೇಟ್‌ಲೈನ್, ಫೆ. 26 ಅಂತ ಇದೆ, ಆ ದಿನ ಸೋಮವಾರನೇ. ಆದ್ರೂ ಕ್ಯಾಲೆಂಡರ್ ತೆಗೆದು ನೋಡೋದು ಒಳ್ಳೇದು, ಯಾಕಂದ್ರೆ ಪೇಪರ್ ಕೈಗೆ ಬರೋದು ಮಂಗಳವಾರ, ಪೇಪರ್ ಮೇಲಿರೋ ತಾರೀಖು 27, ಕಟ್ಟಿಂಗ್ ಇಟ್ಕೊಂಡೋರು ಅದ್ರ ಮೇಲೆ 27 ಅಂತ ಬರ್ದಿರ್ತಾರೆ, ಹಾಗೆ ಒಂದು ದಿನ ಜಾರಿಬಿಡತ್ತೆ. ವಾರದ ಹೆಸರು ಮತ್ತು ತಾರೀಖು ಎರಡೂ ಹೊಂದ್ತಾ ಇದ್ರೆ ಮಾತ್ರ ಬರೀಬೇಕು. "ಕಳೆದ ಡಿಸೆಂಬರ್" ಅನ್ನೋದು 2023ರ ಡಿಸೆಂಬರ್, ಇದನ್ನ ವರ್ಷ ಸಮೇತ ಬಿಡಿಸಿ ಬರೀಲೇಬೇಕು, ಬುಲೆಟಿನ್‌ನ ಜನ ಆರು ತಿಂಗಳು ಬಿಟ್ಟು ಓದ್ತಾರೆ.

ಗರ್ಡರ್ ದಿನ ಪಕ್ಕಾ ಬೇಕು ಅಂತ ನಮ್ಮ ಮಾಸ್ಟ್ರು ಹಟ ಹಿಡಿದ್ರು. ಮುಂಬೈಯ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಮಾಡಿ ರಿಟೈರ್ ಆದೋರು, ತಾರೀಖು ಅಂದ್ರೆ ಅವ್ರಿಗೆ ತಾರೀಖೇ ಇರ್ಬೇಕು. ಹಳೇ ಪೇಪರ್ ತೆಗೆದ್ರೆ ಡಿಸೆಂಬರ್ ಮೊದಲ ವಾರ ಅನ್ನೋದು ಖಾತ್ರಿ ಆಯ್ತು, ಆದ್ರೆ ದಿನದ ವಿಷಯದಲ್ಲಿ ಒಂದು ತೊಡಕು ಇದೆ, ಅದು ರೈಲ್ವೆ ಕೆಲಸದ ಎಲ್ಲಾ ಸುದ್ದಿಯಲ್ಲೂ ಬರೋ ತೊಡಕು. ಲೋಕಲ್ ಟ್ರೇನ್ ನಿಂತಿರೋ ಹೊತ್ತಲ್ಲಿ ಮಾತ್ರ ಹಳಿ ಮೇಲೆ ಗರ್ಡರ್ ಸರಿಸೋಕೆ ಆಗತ್ತೆ, ಅಂದ್ರೆ ರಾತ್ರಿ ಬ್ಲಾಕ್. ಅಂಥ ರಾತ್ರಿ ಕೆಲಸ ಎರಡು ತಾರೀಖಿನ ಮೇಲೆ ಕೂತಿರತ್ತೆ, ಒಂದು ಪೇಪರ್ ಹಿಂದಿನ ದಿನ ರಾತ್ರಿ ಅಂತ ಬರೀತದೆ, ಇನ್ನೊಂದು ಮಾರನೇ ದಿನ ನಸುಕಿನ ಜಾವ ಅಂತ ಬರೀತದೆ, ಎರಡೂ ಸರಿ. ಲಿಸ್ಟ್ ಮಾಡೋರು ಒಂದನ್ನ ಆರಿಸ್ಕೊಂಡು ಇನ್ನೊಂದನ್ನ ತಪ್ಪು ಅಂತ ತಿಳ್ಕೋತಾರೆ, ಇಲ್ಲಾಂದ್ರೆ ಇನ್ನೂ ಕೆಟ್ಟದ್ದು, ಎರಡು ಬೇರೆ ಬೇರೆ ಘಟನೆ ಅಂತ ಎರಡು ಸಾಲು ಹಾಕ್ತಾರೆ. ನಾವು "2023ರ ಡಿಸೆಂಬರ್ ಮೊದಲ ವಾರ, ರಾತ್ರಿ ಬ್ಲಾಕಲ್ಲಿ" ಅಂತ ಬರೆದ್ವಿ. ಮಾಸ್ಟ್ರು ಸ್ವಲ್ಪ ಮುಖ ಸಿಂಡರಿಸಿದ್ರು, ಆಮೇಲೆ ಒಪ್ಕೊಂಡ್ರು.

ಈಗ ನನಗೆ ತುಂಬಾ ಮುಖ್ಯ ಅನ್ಸಿದ ವಾಕ್ಯಕ್ಕೆ ಬರ್ತೀನಿ: "ಜುಲೈ 3ರಂದು ಕುಸಿದು ಇಬ್ಬರು ಮೃತಪಟ್ಟಿದ್ದರು." ಇದನ್ನ ಹಾಗೇ ಎತ್ತಿ ಲಿಸ್ಟಿಗೆ ಹಾಕಿದ್ರೆ ಜುಲೈ 3ರ ಸಾಲಲ್ಲಿ ಎರಡು ಸಾವು ಕೂತ್ಕೊಳ್ಳತ್ತೆ. ಆದ್ರೆ 2018ರ ಜುಲೈ 3ರ ದಿನದ ವರದಿ ನೋಡಿದ್ರೆ ಬೆಳಿಗ್ಗೆ ಏಳೂವರೆ ಸುಮಾರಿಗೆ, ಮಳೆಯಲ್ಲಿ, ಪಾದಚಾರಿ ಭಾಗ ಹಳಿ ಮೇಲೆ ಬಿತ್ತು, ಐದು ಜನಕ್ಕೆ ಗಾಯ ಆಯ್ತು, ಪಶ್ಚಿಮ ರೈಲ್ವೆ ಲೋಕಲ್‌ಗಳು ಗಂಟೆಗಟ್ಲೆ ನಿಂತ್ವು ಅಂತ ಇದೆ, ಸಾವಿನ ಸುದ್ದಿ ಇಲ್ಲ. ಗಾಯ ಆದೋರಲ್ಲಿ ಇಬ್ರು ತೀರ್ಕೊಂಡಿದ್ದು ಆಮೇಲೆ. ಐದೂವರೆ ವರ್ಷ ಬಿಟ್ಟು ಹಿನ್ನೆಲೆ ಬರಿಯೋ ವರದಿಗಾರರಿಗೆ ಒಂದೇ ವಾಕ್ಯದ ಜಾಗ, ಅದ್ರಲ್ಲಿ ಕುಸಿತ ಮತ್ತು ಅದ್ರಿಂದಾದ ಸಾವು ಒಟ್ಟಿಗೆ ಬರತ್ತೆ, ಅದು ಸುಳ್ಳೇನಲ್ಲ, ಕುಸಿದಿದ್ದರಿಂದಲೇ ಸತ್ತಿದ್ದು. ಆದ್ರೆ ಅದೇ ವಾಕ್ಯ ಒಂದು ತಾರೀಖಿನ ಎದುರಿಗೆ ನಿಂತಾಗ ಸುಳ್ಳಾಗತ್ತೆ. "ಕುಸಿದು", "ಬಿದ್ದು", "ಹೊಡೆದು" ಅಂತ ಬರೋ ಕಡೆಯಲ್ಲೆಲ್ಲ ಮುಂದಿನ ಕ್ರಿಯೆ ಅದೇ ದಿನ ಆಯ್ತಾ ಅಂತ ಕೇಳ್ಲೇಬೇಕು. ಸತ್ತೋರ ಮನೆಯವ್ರು ಈ ಊರಲ್ಲೇ ಇದಾರೆ, ಅವ್ರಿಗೆ ಆಸ್ಪತ್ರೆಯ ಆ ದಿನಗಳು ನೆನಪಿರತ್ತೆ, ಅದನ್ನ ನಮ್ಮ ಲಿಸ್ಟ್ ಅಳಿಸಿ ಹಾಕಬಾರ್ದು. ಆ ಸಾಲಲ್ಲಿ ನಾವು ಗಾಯ ಅಂತ ಬರ್ದು, ಕೆಳಗೆ ಬೇರೆ ಸಾಲಲ್ಲಿ "ಆಮೇಲೆ" ಅಂತ ಸಾವು ಬರೆದ್ವಿ.

ಇನ್ನೊಂದು ಅಪಾಯ ಲಿಸ್ಟಿನ ಸ್ವಭಾವದಲ್ಲೇ ಇದೆ. 2018 ಕುಸಿತ, ಅದ್ರ ಕೆಳಗೇ 2022 ಮುಚ್ಚಿದ್ದು, ಎರಡು ಸಾಲು ಅಕ್ಕಪಕ್ಕ. ಓದೋರು ಏನಂದ್ಕೋತಾರೆ? ಕುಸೀತು, ಹಾಗಾಗಿ ಮುಚ್ಚಿದ್ರು. ಅತ್ತಿಗೆಗೆ ಓದೋಕ್ ಕೊಟ್ಟೆ, ಅವ್ರು ಪುಣೆಯಲ್ಲಿರೋದು, ಅಂಧೇರಿ ಸೇತುವೆ ಬಗ್ಗೆ ಏನೂ ಗೊತ್ತಿಲ್ಲ, ಅದಕ್ಕೇ ಅವ್ರಿಗೆ ಕೊಟ್ಟಿದ್ದು. "ಬಿದ್ದಾಗಿಂದ ಬಂದ್ ಇತ್ತಾ? ಅಷ್ಟು ವರ್ಷ ಜನ ಹೇಗೆ ಓಡಾಡಿದ್ರು?" ಅಂತ ಕೇಳಿದ್ರು. ನಡುವೆ ನಾಲ್ಕು ವರ್ಷ ನಾಲ್ಕು ತಿಂಗಳು ಸೇತುವೆ ಮೇಲೆ ಗಾಡಿ ಓಡ್ತಾನೇ ಇತ್ತು, ಮುಚ್ಚಿದ್ದು ಸೇತುವೆ ಅಪಾಯಕಾರಿ ಅಂತ ಸಲಹೆಗಾರರ ವರದಿ ಬಂದ್ಮೇಲೆ. ಪಿರಮಿಡ್ ಸುದ್ದಿಯಲ್ಲಿ "ವರದಿಯ ಮೇರೆಗೆ" ಅನ್ನೋ ಕಾರಣ ಇತ್ತು, "ಇದಕ್ಕೂ ಮುನ್ನ" ಅನ್ನೋ ಪದ ದೂರ ತೋರಿಸ್ತಿತ್ತು. ಲಿಸ್ಟಿಗೆ ತಂದಾಗ ಇವೇ ಪದಗಳು ಮೊದಲು ಉದುರಿ ಹೋಗ್ತವೆ, ತಾರೀಖು ಇದ್ಯಲ್ಲ ಇನ್ಯಾಕೆ ಅಂತ. ಜೋಡಿಸೋ ಪದ ತೆಗೆದ್ರೆ ಅಕ್ಕಪಕ್ಕ ಇರೋದೇ ಕಾರಣ ಅಂತ ಆಗ್ಬಿಡತ್ತೆ. ಹಾಗಾಗಿ ಕಾರಣ ಗೊತ್ತಿದ್ದ ಕಡೆ ಆ ಸಾಲಲ್ಲೇ ಬರೀಬೇಕು, ದೊಡ್ಡ ಅಂತರ ಇದ್ದ ಕಡೆ ಅಂತರಕ್ಕೂ ಒಂದು ಸಾಲು ಕೊಡ್ಬೇಕು. ಈ ಸಾಲು ಮೂಲ ಸುದ್ದಿಯಲ್ಲಿ ಇರ್ಲಿಲ್ಲ, ಬೇರೆ ಹಳೇ ವರದಿಗಳಿಂದ ಬಂದಿದ್ದು ಅಂತ ಚುಕ್ಕಿ ಗುರುತು ಹಾಕಿದ್ವಿ, ಅದೇ ಲೇಖನದ ಬೇರೆ ರೂಪ ಅಂತ ಹೇಳ್ತಾ ಹೊರಗಿನ ಮಾತು ಸದ್ದಿಲ್ದೆ ಸೇರಿಸಬಾರ್ದು ಅಂತ.

ಬರ್ಫಿವಾಲಾ ಎತ್ತರದ ವಿಷಯನ ಎಲ್ಲಿಡೋದು ಅಂತ ಜಾಸ್ತಿ ಚರ್ಚೆ ಆಯ್ತು. ಎರಡು ಸೇತುವೆ ನಡುವೆ ಆಳೆತ್ತರಕ್ಕೆ ಹತ್ರ ಹತ್ರ ಅಂತರ ಇದೆ ಅಂತ ಊರಿಗೆಲ್ಲ ಗಲಾಟೆ ಆಗಿದ್ದು ಓಪನ್ ಆದ ಹೊತ್ತಲ್ಲಿ. ಆದ್ರೆ ಅಂತರ ಹುಟ್ಟಿದ್ದು ಅವತ್ತಲ್ಲ. ಡಿಸೈನ್ ಹಂತದಲ್ಲಿ ಹಳಿ ಮೇಲೆ ಹೆಚ್ಚು ಎತ್ತರ ಬಿಡಿ ಅಂತ ರೈಲ್ವೆ ಹೇಳಿದಾಗಲೇ ಅದು ಶುರುವಾಗಿತ್ತು, ಆ ಸೂಚನೆ ಬಂದ ದಿನ ಸುದ್ದಿಯಲ್ಲಿಲ್ಲ. ಮೇಲಾಗಿ ಇದು ಪಾಲಿಕೆ ಹೇಳಿದ ಮಾತು, ವರದಿಗಾರರು ಸ್ವಂತ ಹೇಳಿದ್ದಲ್ಲ. ಹಾಗಾಗಿ ಇಲ್ಲಿ ಎರಡು ದಿನ ಇದಾವೆ, ಆಗಿದ್ದು ಯಾವಾಗ ಮತ್ತು ಹೇಳಿದ್ದು ಯಾವಾಗ. ಆಗಿದ್ದು ಗೊತ್ತಿಲ್ದೇ ಇದ್ರೆ ಹೇಳಿದ ದಿನದ ಕೆಳಗೆ, ಹೇಳಿದವ್ರ ಹೆಸರು ಸಮೇತ ಹಾಕೋದೇ ಸರಿ. ಅಂದಾಜಲ್ಲಿ 2022ಕ್ಕೋ 2023ಕ್ಕೋ ತಳ್ಳಿದ್ರೆ ನಾಳೆ ಅದನ್ನೇ ಯಾರೋ ಎತ್ಕೊಂಡು ಹೋಗಿ ಸತ್ಯ ಅಂತ ಬರೀತಾರೆ. ಕೆಡವಿದ ಕೆಲಸಕ್ಕೆ ಇಷ್ಟು ಕಷ್ಟ ಇಲ್ಲ, ತಾರೀಖು ಇಲ್ದಿದ್ರೂ ಮುಚ್ಚಿದ ಮೇಲೆ ಗರ್ಡರ್‌ಗಿಂತ ಮುಂಚೆ ಅನ್ನೋದು ಖಂಡಿತ, ಎರಡು ಗೊತ್ತಿರೋ ದಿನಗಳ ನಡುವೆ ಅದಕ್ಕೆ ಜಾಗ ಇದೆ.

ಮುಂದೆ ಆಗೋದ್ರ ಬಗ್ಗೆ ಬಂದ ಮಾತಿಗೂ ಇದೇ ನಿಯಮ. "ಎರಡನೇ ಬದಿ ಕೆಲಸ ಮುಂದುವರಿಯಲಿದೆ" ಅನ್ನೋದನ್ನ ಲಿಸ್ಟಿನ ಕೊನೇಲಿ ಒಂದು ಭವಿಷ್ಯದ ಸಾಲು ಮಾಡಿ ಹಾಕಬಾರ್ದು. ಆದ ಘಟನೆ ಅಂದ್ರೆ ಹೇಳಿದ್ದು, ಅದು ಫೆಬ್ರವರಿ 26ರ ಸಾಲಿಗೆ ಸೇರತ್ತೆ. ಗಡುವುಗಳೂ ಅಷ್ಟೇ, ಕೊಟ್ಟ ದಿನ ಒಂದು, ಕೊಟ್ಟ ಮಾತಿನ ದಿನ ಇನ್ನೊಂದು, ಲಿಸ್ಟಲ್ಲಿ ಕೂರೋದು ಕೊಟ್ಟ ದಿನ. ಸುದ್ದಿಯಲ್ಲಿ ಬರೀ "ಹಲವು ಬಾರಿ" ಅಂತ ಇದ್ದಿದ್ರಿಂದ ನಾವು ತಾರೀಖು ಹುಟ್ಟಿಸ್ದೆ ಒಂದು ಅವಧಿ ಸಾಲಾಗಿ ಇಟ್ವಿ. ಶೆಟ್ರಿಗೆ ಇದು ಹಿಡಿಸ್ಲಿಲ್ಲ, "ಎಷ್ಟು ಸಲ ಡೇಟ್ ಕೊಟ್ಟರು ಅಂತ ಒಂದೊಂದಾಗಿ ಹಾಕ್ಬೇಕು, ಜನ ನೋಡ್ಲಿ" ಅಂದ್ರು. ಅವ್ರ ಸಿಟ್ಟು ನ್ಯಾಯವಾದ್ದೇ, ಆದ್ರೆ ಅದು ಗಡುವಿನದೇ ಇನ್ನೊಂದು ಲಿಸ್ಟ್ ಆಗತ್ತೆ, ಅದಕ್ಕೆ ಪ್ರತಿ ಗಡುವಿನ ವರದಿ ಬೇರೆ ಹುಡುಕ್ಬೇಕು.

ಕೊನೆಗೆ ಬಂದ ರೂಪ ಇದು:

ಈಗಿನ ಸ್ಥಿತಿ (27 ಫೆಬ್ರವರಿ 2024): ಒಂದು ಬದಿ ಓಪನ್. ಲಘು ವಾಹನ ಮಾತ್ರ. ಬರ್ಫಿವಾಲಾ ಫ್ಲೈಓವರ್‌ಗೆ ದಾರಿ ಇಲ್ಲ.

- 3 ಜುಲೈ 2018, ಮಂಗಳವಾರ ಬೆಳಿಗ್ಗೆ: ಸೇತುವೆಯ ಪಾದಚಾರಿ ಭಾಗ ಹಳಿಗಳ ಮೇಲೆ ಕುಸೀತು. ಐದು ಜನಕ್ಕೆ ಗಾಯ.•
- ಆಮೇಲೆ•: ಗಾಯಗೊಂಡವರಲ್ಲಿ ಇಬ್ರು ತೀರ್ಕೊಂಡ್ರು.
- 2018ರಿಂದ 2022: ಸೇತುವೆ ಮೇಲೆ ಗಾಡಿ ಓಡಾಟ ಮುಂದುವರೀತು.•
- 7 ನವೆಂಬರ್ 2022, ಸೋಮವಾರ: ಅಪಾಯಕಾರಿ ಅನ್ನೋ ವರದಿ ಬಂದಿದ್ರಿಂದ ಪಾಲಿಕೆ ಮತ್ತು ಟ್ರಾಫಿಕ್ ಪೊಲೀಸ್• ಸೇತುವೆ ಪೂರ್ತಿ ಮುಚ್ಚಿದ್ರು.
- ಅದಾದ್ಮೇಲೆ, ಗರ್ಡರ್‌ಗೆ ಮುಂಚೆ: ಹಳಿ ಮೇಲಿನ ಹಳೇ ಭಾಗನ ಪಶ್ಚಿಮ ರೈಲ್ವೆ• ಕೆಡವಿತು.
- 2023ರ ಡಿಸೆಂಬರ್ ಮೊದಲ ವಾರ•, ರಾತ್ರಿ ಬ್ಲಾಕಲ್ಲಿ: ಮೊದಲ ಗರ್ಡರ್ ಕೂರಿಸಿದ್ರು.
- ಮುಚ್ಚಿದಾಗಿಂದ ಓಪನ್ ಆಗೋವರೆಗೆ: ಗಡುವು ಹಲವು ಸಲ ಮುಂದಕ್ಕೆ ಹೋಯ್ತು.
- 26 ಫೆಬ್ರವರಿ 2024, ಸೋಮವಾರ: ಒಂದು ಬದಿ ಓಪನ್ ಆಯ್ತು. ಬರ್ಫಿವಾಲಾ ಜೊತೆ ಎತ್ತರ ಹೊಂದ್ದೇ ಇರೋಕೆ ರೈಲ್ವೆಯ ಎತ್ತರದ ಸೂಚನೆ ಕಾರಣ ಅಂತ ಪಾಲಿಕೆ ಹೇಳ್ತು. ಎರಡನೇ ಬದಿ ಕೆಲಸ ಮುಂದುವರಿಯತ್ತೆ ಅಂತಾನೂ ಹೇಳಿದ್ರು.

ಚುಕ್ಕಿ ಇರೋದು ಮೂಲ ಸುದ್ದಿಯ ಹೊರಗಿಂದ ಬಂದಿದ್ದು.

ಮೇಲಿನ "ಈಗಿನ ಸ್ಥಿತಿ" ಸಾಲು ಯಾಕೆ ಅಂದ್ರೆ, ಪಿರಮಿಡ್‌ನಲ್ಲಿ ಮೊದಲ ವಾಕ್ಯ ಮಾಡ್ತಿದ್ದ ಕೆಲಸ ಲಿಸ್ಟಲ್ಲಿ ಯಾರೂ ಮಾಡಲ್ಲ. ಹಳೇದ್ರಿಂದ ಶುರುವಾಗೋ ಲಿಸ್ಟಲ್ಲಿ ಇವತ್ತು ನಾನು ಕಾರು ತಗೊಂಡು ಹೋಗ್ಬಹುದಾ ಅನ್ನೋ ಉತ್ತರ ಕೊನೆ ಸಾಲಲ್ಲಿರತ್ತೆ, ಅಲ್ಲೀತನಕ ಎಲ್ರೂ ಓದಲ್ಲ. "ಲಘು ವಾಹನಗಳಿಗೆ ಮಾತ್ರ" ಅನ್ನೋದು ಘಟನೆ ಅಲ್ಲ, ಸ್ಥಿತಿ, ಅದಕ್ಕೆ ಒಂದು ದಿನದ ಸಾಲಲ್ಲಿ ಸರಿಯಾದ ಜಾಗನೂ ಇಲ್ಲ. ಈ ಥರ ಈಗ ನಡೀತಿರೋದನ್ನೆಲ್ಲ ಒಟ್ಟುಗೂಡಿಸಿ ತಾರೀಖು ಹಾಕಿ ತಲೆ ಮೇಲೆ ಇಟ್ಟುಬಿಟ್ರೆ ಕೆಳಗಿನ ಸಾಲುಗಳು ಘಟನೆಗೆ ಮಾತ್ರ ಉಳ್ಕೊಳ್ತವೆ.

ಪ್ರಿಂಟಿಗೆ ಹೋಗೋ ಮುಂಚೆ ಎರಡು ದಿಕ್ಕಿಂದ ತಾಳೆ ನೋಡಿದ್ವಿ. ಮಾಸ್ಟ್ರು ಮೂಲ ಸುದ್ದಿ ಹಿಡ್ಕೊಂಡು ಒಂದೊಂದು ವಾಕ್ಯ ಓದೋದು, ಹುಡುಗಿ ಲಿಸ್ಟಲ್ಲಿ ಅದು ಎಲ್ಲಿದೆ ಅಂತ ಬೆರಳಿಟ್ಟು ತೋರಿಸೋದು. ಆಮೇಲೆ ಉಲ್ಟಾ, ಅವಳು ಲಿಸ್ಟಿನ ಸಾಲು ಓದೋದು, ಅವ್ರು ಮೂಲದಲ್ಲಿ ತೋರಿಸೋದು, ತೋರಿಸೋಕೆ ಆಗ್ದೇ ಇದ್ರೆ ಅದಕ್ಕೆ ಚುಕ್ಕಿ ಬಿದ್ದಿದೆಯಾ ಅಂತ ನೋಡೋದು. ಮೊದಲ ದಿಕ್ಕಲ್ಲಿ ಬಿಟ್ಟುಹೋಗಿದ್ದು ಸಿಗತ್ತೆ, ಎರಡನೇ ದಿಕ್ಕಲ್ಲಿ ಸೇರ್ಕೊಂಡಿದ್ದು ಸಿಗತ್ತೆ. ಟ್ರಾಫಿಕ್ ಪೊಲೀಸ್ ಅನ್ನೋ ಪದಕ್ಕೆ ಚುಕ್ಕಿ ಬಿದ್ದಿದ್ದು ಈ ಎರಡನೇ ಓದಲ್ಲೇ.

ಆ ಲಿಸ್ಟ್ ಆಮೇಲೂ ಬೆಳೀತು. 2024ರ ಜುಲೈನಲ್ಲಿ ಬರ್ಫಿವಾಲಾ ಫ್ಲೈಓವರ್‌ನ ಜಾಕ್ ಹಾಕಿ ಎತ್ತಿ ಗೋಖಲೆ ಸೇತುವೆಗೆ ಸೇರಿಸಿ ಬಿಟ್ರು, 2025ರ ಮೇ 11ಕ್ಕೆ ಎರಡನೇ ಬದಿನೂ ಓಪನ್ ಆಯ್ತು. ಪ್ರತಿ ಸಲ ಕೆಳಗೆ ಒಂದು ಸಾಲು ಸೇರಿಸೋದು, ಮೇಲಿನ ಸ್ಥಿತಿ ಸಾಲು ಅದ್ರ ತಾರೀಖು ಸಮೇತ ಬದಲಾಯಿಸೋದು, ಇಷ್ಟೇ ಕೆಲಸ. ಫೆಬ್ರವರಿ 26ರ ಸಾಲಲ್ಲಿರೋ "ಎರಡನೇ ಬದಿ ಕೆಲಸ ಮುಂದುವರಿಯತ್ತೆ ಅಂತಾನೂ ಹೇಳಿದ್ರು" ಅನ್ನೋದನ್ನ, ಈಗ ಮುಗಿದೇ ಹೋಗಿದ್ಯಲ್ಲ ತೆಗೀಲಾ ಅಂತ ಹುಡುಗಿ ಕೇಳಿದ್ಲು. ಬೇಡಮ್ಮ ಅಂದೆ. ಅವತ್ತು ಹೇಳಿದ್ದು ಹೌದು, ಆ ಸಾಲು ಅವತ್ತಿನದು.